ಬಾಸುಂದಿ ಮುಟ್ಟದ ಐವತ್ತಾರು ಮಂದಿ



ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಿಂದ ಬಂದಿರುವ ವೈದ್ಯರು, ಆರೋಗ್ಯ ನಿರೀಕ್ಷಕರು, ಆಶಾ ಕಾರ್ಯಕರ್ತೆಯರು ಮತ್ತು ವಿದ್ಯಾರ್ಥಿಗಳಾದ ನಿಮ್ಮೆದುರು ಆಶಯ ಭಾಷಣ ಮಾಡಬೇಕೆಂದು ಸಂಘಟಕರು ಕೇಳಿದ್ದರು. ನಾನು ಒಂದು ಕಥೆ ಹೇಳುತ್ತೇನೆ. ಮೊದಲೇ ತಿಳಿಸಿಬಿಡುತ್ತೇನೆ, ಇದು ಪಾಠಕ್ಕಾಗಿ ಕಟ್ಟಿದ ಕಥೆ. ಇದರ ಊರು, ಮದುವೆ, ಅಂಕಿಗಳು ಎಲ್ಲವೂ ಕಲ್ಪಿತ. ಲೆಕ್ಕದ ದಾರಿ ಮಾತ್ರ ನಿಜ. ಅದೇ ದಾರಿಯಲ್ಲಿ ನಡೆದ ಒಂದು ನಿಜವಾದ ತನಿಖೆಯನ್ನೂ ಆಮೇಲೆ ಹೇಳುತ್ತೇನೆ.

ಹಳಿಯಾಳದ ಹತ್ತಿರ ಒಂದು ಮದುವೆ. ಗಂಡಿನ ಕಡೆಯವರು ಎರಡು ಬಸ್ಸಿನಲ್ಲಿ ಬಂದಿದ್ದರು, ಒಂದು ಮುಂಡಗೋಡ ಕಡೆಯಿಂದ, ಇನ್ನೊಂದು ಜೋಯಿಡಾ ಕಡೆಯಿಂದ. ಒಂದೂವರೆಗೆ ಊಟ. ಪೂರಿ, ಬದನೆಕಾಯಿ ಎಣ್ಣೆಗಾಯಿ, ಬಾಸುಂದಿ, ಅನ್ನ ಸಾರು, ಕೊನೆಗೆ ಮಠ್ಠಾ. ನಾಲ್ಕು ಗಂಟೆಯ ಹೊತ್ತಿಗೆ ಬಸ್ಸುಗಳನ್ನು ದಾರಿಯಲ್ಲೇ ನಿಲ್ಲಿಸಬೇಕಾಯಿತು. ವಾಂತಿ, ಹೊಟ್ಟೆ ಹಿಂಡುವ ನೋವು, ಕೆಲವರಿಗೆ ಭೇದಿ. ಜ್ವರ ಹೆಚ್ಚುಕಡಿಮೆ ಯಾರಿಗೂ ಇಲ್ಲ. ಸಂಜೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಐದು ಮಂದಿ, ಇನ್ನೊಂದರಲ್ಲಿ ಮೂವರು, ದಾಂಡೇಲಿಯಲ್ಲಿ ಏಳು. ಯಾವ ಕೇಂದ್ರದ ವಹಿಯಲ್ಲೂ ಅದು ದೊಡ್ಡ ಸಂಗತಿಯಾಗಿ ಕಾಣುವಂತಿರಲಿಲ್ಲ. ನಮ್ಮ ತಾಲ್ಲೂಕುಗಳ ಮಟ್ಟಿಗೆ ಇದು ಕಥೆಯ ಮಾತಲ್ಲ. ಒಂದೇ ಪಂಕ್ತಿಯಲ್ಲಿ ಉಂಡವರು ರಾತ್ರಿಯೊಳಗೆ ಕಾಡಿನ ನಾಲ್ಕು ದಿಕ್ಕಿಗೆ ಚದುರಿ ಹೋಗುತ್ತಾರೆ.

ಮಾರನೆಯ ದಿನ ತನಿಖೆಗೆ ಹೋದ ತಂಡದಲ್ಲಿ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿನಿ ಇದ್ದಳು. ಅವಳು ಕಾಲಿಡುವ ಮೊದಲೇ ಮದುವೆ ಮನೆಯಲ್ಲಿ ಎರಡು ತೀರ್ಪು ಸಿದ್ಧವಾಗಿದ್ದವು. ಕೆಲವರು ಹಾಲು ಕೊಟ್ಟ ಗೌಳಿಗರ ಮೇಲೆ ಬೆರಳು ತೋರಿಸಿದರು. ಹೆಣ್ಣಿನ ಕಾಕಾ ಮಾತ್ರ ಅನ್ನವನ್ನು ಹಿಡಿದರು. "ನೋಡವಾ, ಬಿದ್ದವರನ್ನ ಕೇಳಿನಿ. ಒಬ್ಬರನ್ನ ಬಿಟ್ರ ಎಲ್ಲಾರೂ ಅನ್ನಾ ಉಂಡಾರ. ಇನ್ನೇನು ಬೇಕು ನಿನಗ?"

ಕಾಕಾ ಅವರ ಸಂಶಯ ದಡ್ಡತನದ್ದಲ್ಲ. ಬೇಯಿಸಿ ಬೆಚ್ಚಗಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್‌ನ ಒಂದು ಬಗೆ, ಉಂಡ ಒಂದರಿಂದ ಆರು ಗಂಟೆಯೊಳಗೆ ವಾಂತಿ ಮಾಡಿಸುತ್ತದೆ. ಸ್ಟೆಫಿಲೊಕಾಕಸ್ ಆರಿಯಸ್‌ನ ವಿಷವೂ ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ ವಾಂತಿ ಮಾಡಿಸುತ್ತದೆ, ಅದಕ್ಕೆ ಹಾಲಿನ ಸಿಹಿ ಬಹಳ ಇಷ್ಟ. ಸಾಲ್ಮೊನೆಲ್ಲಾ ಆಗಿದ್ದರೆ ಸಾಮಾನ್ಯವಾಗಿ ಹನ್ನೆರಡು ಗಂಟೆಯಾದರೂ ತಡೆದು ಜ್ವರದೊಡನೆ ಬರುತ್ತಿತ್ತು. ಗಡಿಯಾರ ಅದನ್ನು ಬದಿಗೆ ಸರಿಸಿತು. ಆದರೆ ಅನ್ನವೋ ಬಾಸುಂದಿಯೋ ಎಂಬುದನ್ನು ಗಡಿಯಾರ ಹೇಳಲಾರದು.

ಅವಳು ಮೊದಲು ಮಾಡಿದ ಕೆಲಸ, ಯಾರನ್ನು ರೋಗಿ ಎನ್ನಬೇಕೆಂದು ಬರೆದುಕೊಂಡದ್ದು. ಮದುವೆ ಊಟ ಉಂಡು, ಮಾರನೆಯ ದಿನ ನಡುರಾತ್ರಿಯೊಳಗೆ ಒಮ್ಮೆಯಾದರೂ ವಾಂತಿ ಮಾಡಿದವರು, ಇಲ್ಲವೆ ಮೂರು ಸಲಕ್ಕೆ ಕಡಿಮೆಯಿಲ್ಲದೆ ಭೇದಿಯಾದವರು. ತಲೆ ತಿರುಗಿದವರು, ಹೆದರಿ ಹೊಟ್ಟೆ ತೊಳಸಿದವರು ಇದರಲ್ಲಿ ಬರುವುದಿಲ್ಲ. ಎರಡನೆಯದಾಗಿ ಆಸ್ಪತ್ರೆಯ ಪಟ್ಟಿಯನ್ನು ಪಕ್ಕಕ್ಕಿಟ್ಟಳು. ಎರಡೂ ಬಸ್ಸುಗಳಲ್ಲಿ ಬಂದವರ ಪಟ್ಟಿ ಹಿಡಿದು, ಬಿದ್ದವರನ್ನೂ ಗಟ್ಟಿಯಾಗಿದ್ದವರನ್ನೂ ಬಿಡದೆ 120 ಮಂದಿಯನ್ನು ಕೇಳಿಸಿದಳು. "ಏನೇನು ಉಂಡಿರಿ" ಎಂದು ಬಿಡುಬೀಸಾಗಿ ಕೇಳಲಿಲ್ಲ. ಎಲೆಗೆ ಬಡಿಸಿದ ಕ್ರಮದಲ್ಲೇ, ಒಂದೊಂದನ್ನೂ ಹೆಸರಿಸಿ, ಉಂಡಿರಾ ಇಲ್ಲವಾ ಎಂದು ಎಲ್ಲರಿಗೂ ಒಂದೇ ಬಗೆಯಲ್ಲಿ ಕೇಳಿದರು. ನೆನಪು ಬಡಿಸಿದ ಕ್ರಮದಲ್ಲಿ ಚೆನ್ನಾಗಿ ಹಿಂದಿರುಗುತ್ತದೆ. 120ರಲ್ಲಿ ರೋಗಿಗಳು 52.

ಈಗ ಕಾಕಾ ಅವರ ಲೆಕ್ಕ ನೋಡಿ. 52 ರೋಗಿಗಳಲ್ಲಿ 51 ಮಂದಿ ಅನ್ನ ಉಂಡವರು. ಬಾಸುಂದಿ ತಿಂದವರು 44 ಮಾತ್ರ. ರೋಗಿಗಳನ್ನಷ್ಟೇ ಎಣಿಸಿದರೆ ಅನ್ನವೇ ಅಪರಾಧಿ. ಆದರೆ ಅನ್ನ ಉಣ್ಣದವರು ಮದುವೆಯಲ್ಲಿ ಯಾರಿದ್ದಾರೆ? ಗಟ್ಟಿಯಾಗಿದ್ದ 68 ಮಂದಿಯಲ್ಲೂ 65 ಮಂದಿ ಅನ್ನ ಉಂಡಿದ್ದರು.

ಅವಳು ಪ್ರಶ್ನೆಯನ್ನು ತಿರುಗಿಸಿದಳು. ಬಾಸುಂದಿ ತಿಂದವರು 64, ಅವರಲ್ಲಿ ಬಿದ್ದವರು 44. ಅಂದರೆ ನೂರಕ್ಕೆ 69. ಇದು ತಿಂದವರ ಅಟ್ಯಾಕ್ ರೇಟ್. ತಿನ್ನದವರು 56, ಬಿದ್ದವರು 8, ನೂರಕ್ಕೆ 14. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ತಿಂದವರಿಗೆ ಅಪಾಯ ಸುಮಾರು ಐದು ಪಟ್ಟು. ಎಣ್ಣೆಗಾಯಿ ತಿಂದ 90ರಲ್ಲಿ 40, ತಿನ್ನದ 30ರಲ್ಲಿ 12. ನೂರಕ್ಕೆ 44 ಮತ್ತು 40. ತಿಂದರೂ ಅಷ್ಟೇ, ಬಿಟ್ಟರೂ ಅಷ್ಟೇ. ಅನ್ನ ಉಂಡ 116ರಲ್ಲಿ 51, ಉಣ್ಣದ ನಾಲ್ವರಲ್ಲಿ ಒಬ್ಬರು. ಭಾಗಿಸಿದರೆ ಒಂದೂಮುಕ್ಕಾಲು ಪಟ್ಟು ಎಂಬ ಗಾಬರಿಯ ಉತ್ತರ ಬರುತ್ತದೆ. ಆದರೆ ಆ ನಾಲ್ವರಲ್ಲಿ ಇನ್ನೊಬ್ಬರು ವಾಂತಿ ಮಾಡಿದ್ದರೆ ಅನ್ನ ಉಣ್ಣುವುದೇ ಕ್ಷೇಮವೆಂದು ಅದೇ ಲೆಕ್ಕ ಹೇಳುತ್ತಿತ್ತು. ನಾಲ್ಕು ಮಂದಿಯ ಮೇಲೆ ನಿಂತ ಶೇಕಡಾವಾರು ಅಂಕಿಯನ್ನು ವರದಿಯಲ್ಲಿ ಬರೆಯುವಾಗ ಪಕ್ಕದಲ್ಲೇ ಆ ನಾಲ್ಕನ್ನೂ ಬರೆಯಬೇಕು. ನಮ್ಮ ಎಷ್ಟೋ ವರದಿಗಳು ಬರೆಯುವುದಿಲ್ಲ.

ಉಳಿದದ್ದು ಮಠ್ಠಾ. ಕುಡಿದ 60ರಲ್ಲಿ 32 ಮಂದಿ ಬಿದ್ದಿದ್ದರು, ಕುಡಿಯದ 60ರಲ್ಲಿ 20. ನೂರಕ್ಕೆ 53 ಮತ್ತು 33. ಇಲ್ಲಿ ಎರಡೂ ಕಡೆ ಬೇಕಾದಷ್ಟು ಜನರಿದ್ದಾರೆ, ನಾಲ್ವರ ನೆಪ ಹೇಳುವಂತಿಲ್ಲ. ಅವಳ ಮೇಡಂ ಕೇಳಿದ್ದು ಒಂದೇ ಪ್ರಶ್ನೆ. "ಬಾಸುಂದಿ ತಿನ್ನದೆ ಬರೀ ಮಠ್ಠಾ ಕುಡಿದವರು ಏನಾದರು?" ಅವಳು ಪಟ್ಟಿಯನ್ನು ಎರಡಾಗಿ ಒಡೆದಳು. ಬಾಸುಂದಿ ತಿಂದವರೊಳಗೆ, ಮಠ್ಠಾ ಕುಡಿದ 42ರಲ್ಲಿ 29, ಕುಡಿಯದ 22ರಲ್ಲಿ 15. ಎರಡೂ ನೂರಕ್ಕೆ 68, 69ರ ಆಸುಪಾಸು. ಬಾಸುಂದಿ ತಿನ್ನದವರೊಳಗೆ, ಮಠ್ಠಾ ಕುಡಿದ 18ರಲ್ಲಿ 3, ಕುಡಿಯದ 38ರಲ್ಲಿ 5. ಇಲ್ಲೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಬಾಸುಂದಿ ತಿಂದವರೇ ಹೆಚ್ಚಾಗಿ ಮಠ್ಠಾವನ್ನೂ ಕುಡಿದಿದ್ದರು. ಕಳ್ಳನ ಜೊತೆ ಸಂತೆಗೆ ಹೋದ ತಪ್ಪಿಗೆ ಮಠ್ಠಾದ ಹೆಸರೂ ಪಟ್ಟಿಗೆ ಸೇರಿತ್ತು.

ಬಾಸುಂದಿ ತಿನ್ನದೆ ಬಿದ್ದ ಎಂಟು ಮಂದಿ ಅವಳ ನಿದ್ದೆ ಕೆಡಿಸಿದರು. ಅವರನ್ನೇ ಮತ್ತೆ ಹುಡುಕಿ, ಸರಿಯಾಗಿ ನೆನಪಿಸಿಕೊಳ್ಳಿ ಎಂದು ಕೇಳಿಬರುತ್ತೇನೆ ಎಂದಳು. ಮೇಡಂ ತಡೆದರು. ನಮಗೆ ಒಗ್ಗದ ಎಂಟು ಮಂದಿಯನ್ನು ಮಾತ್ರ ಎರಡನೆಯ ಸಲ ಕೇಳಿದರೆ ಇಬ್ಬರು ಮೂವರು "ಹೂಂ, ಒಂದು ಚಮಚ ರುಚಿ ನೋಡಿದ್ದೆ" ಅನ್ನುತ್ತಾರೆ, ಲೆಕ್ಕ ಚೆಂದವಾಗುತ್ತದೆ, ಸತ್ಯ ಕೆಡುತ್ತದೆ. ಕೇಳುವುದಾದರೆ 120 ಮಂದಿಯನ್ನೂ ಮತ್ತೆ ಕೇಳಬೇಕು. ಇಲ್ಲವಾದರೆ ಎಂಟನ್ನು ಎಂಟಾಗಿಯೇ ಬಿಟ್ಟು ಕಾರಣಗಳನ್ನು ಊಹೆಯೆಂದೇ ಬರೆಯಬೇಕು. ಮರೆವು ಇರಬಹುದು, ಒಂದೇ ಸೌಟು ಎರಡು ಪಾತ್ರೆಗೆ ಇಳಿದಿರಬಹುದು, ಬಸ್ಸಿನ ಪ್ರಯಾಣಕ್ಕೇ ವಾಂತಿ ಮಾಡುವವರೂ ಇರುತ್ತಾರೆ. ತಿಂದೂ ಬೀಳದ 20 ಮಂದಿಯೂ ಹಾಗೆಯೇ. ವಿಷ ಪಾತ್ರೆಯ ತುಂಬ ಒಂದೇ ಸಮನಾಗಿ ಹರಡಿರಬೇಕೆಂದಿಲ್ಲ, ತಿಂದ ಪ್ರಮಾಣವೂ ಒಂದೇ ಅಲ್ಲ.

ಲೆಕ್ಕ ಬಾಸುಂದಿಯನ್ನು ತೋರಿಸಿತು. ಬಾಸುಂದಿಗೆ ಏನಾಯಿತೆಂದು ಹೇಳಲಿಲ್ಲ. ಅದಕ್ಕೆ ಅವಳು ಅಡುಗೆಯವರ ಬಳಿ ಕೂತಳು. ಅದೇ ಗೌಳಿಗರ ಹಾಲಿನಲ್ಲಿ ಬೆಳಿಗ್ಗೆ ಚಹಾ ಆಗಿತ್ತು, ಚಹಾ ಕುಡಿದು ಊಟ ಮಾಡದೆ ಹೋದವರಿಗೆ ಏನೂ ಆಗಿರಲಿಲ್ಲ. ಬಾಸುಂದಿಯನ್ನು ಹಿಂದಿನ ರಾತ್ರಿಯೇ ಕಾಯಿಸಿ, ಏಲಕ್ಕಿ ಹಾಕಿ, ಕೆನೆಯನ್ನು ಕೈಯಿಂದ ಮುರಿದು ಕಲಸಿ, ದೊಡ್ಡ ಪಾತ್ರೆಯಲ್ಲಿ ಮುಚ್ಚಿಟ್ಟಿದ್ದರು. ಕೈ ಬಿದ್ದದ್ದು ಕುದಿ ಇಳಿದ ಮೇಲೆ. ಆಳವಾದ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ. ಸ್ಟೆಫಿಲೊಕಾಕಸ್ಸಿಗೆ ಅಷ್ಟು ಹೊತ್ತು ಸಾಕು. "ಮುಂಜಾನೆ ಮತ್ತ ಚಲೋತ್ನ್ಯಾಗಿ ಕುದಿಸೀವ್ರಿ" ಎಂದರು ಅಡುಗೆಯವರು, ಅದು ನಿಜವೂ ಆಗಿತ್ತು. ಕುದಿಸಿದರೆ ಬ್ಯಾಕ್ಟೀರಿಯ ಸಾಯುತ್ತದೆ, ಅದು ಅಷ್ಟರಲ್ಲಿ ಉಗುಳಿಟ್ಟ ವಿಷ ಕುದಿಗೆ ಜಗ್ಗುವುದಿಲ್ಲ. ಆದ್ದರಿಂದಲೇ ಮರುಕುದಿಸಿದ ಬಾಸುಂದಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದರೆ ಏನೂ ಬೆಳೆಯದೆ ಹೋಗಬಹುದು. ಅಂಥ ವರದಿ ಬಾಸುಂದಿಯನ್ನು ಬಿಡುಗಡೆ ಮಾಡುವುದಿಲ್ಲ. ವಿಷವನ್ನೇ ಹುಡುಕುವ ಪರೀಕ್ಷೆ ಬೇರೆ. ಈ ಕಥೆಯಲ್ಲಂತೂ ಪಾತ್ರೆ ತೊಳೆದು ಬೋರಲು ಹಾಕಿಯಾಗಿತ್ತು. ಅವಳ ವರದಿಯಲ್ಲಿ ಹಾಗಾಗಿ "ಬಾಸುಂದಿಯ ಮೂಲಕ, ಬಹುಮಟ್ಟಿಗೆ ಸ್ಟೆಫಿಲೊಕಾಕಸ್ ವಿಷ" ಎಂದಷ್ಟೇ ಇತ್ತು.

ಈಗ ನಿಜವಾದ ತನಿಖೆ. 1940ರ ಏಪ್ರಿಲ್ 18ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಓಸ್ವೀಗೋ ಕೌಂಟಿಯ ಲೈಕಮಿಂಗ್ ಎಂಬ ಹಳ್ಳಿಯ ಚರ್ಚಿನಲ್ಲಿ ಸಂಜೆಯ ಊಟ. ಬಂದವರು 80 ಮಂದಿ. ತನಿಖೆಯವರು 75 ಮಂದಿಯನ್ನು ಮಾತಾಡಿಸಿದರು, 46 ಮಂದಿ ಬಿದ್ದಿದ್ದರು. ವೆನಿಲಾ ಐಸ್‌ಕ್ರೀಮ್ ತಿಂದ 54ರಲ್ಲಿ 43, ತಿನ್ನದ 21ರಲ್ಲಿ 3. ಅಲ್ಲೂ ಹಿಂದಿನ ದಿನ ಕಾಯಿಸಿದ ಹಾಲಿನ ಮಿಶ್ರಣ ರಾತ್ರಿಯಿಡೀ ಚರ್ಚಿನ ನೆಲಮಾಳಿಗೆಯಲ್ಲಿ ಇತ್ತು. ಅಲ್ಲಿನ ಒಂದು ಮಗು ಎಲ್ಲರಿಗಿಂತ ಮೊದಲೇ, ಮಧ್ಯಾಹ್ನ ಮೂರಕ್ಕೆ, ವಾಂತಿ ಮಾಡಿ ಲೆಕ್ಕವನ್ನು ಗೊಂದಲಕ್ಕೆ ಕೆಡವಿತು, ಊಟ ಶುರುವಾಗಿಯೇ ಇರಲಿಲ್ಲ. ವಿಚಾರಿಸಿದರೆ, ಐಸ್‌ಕ್ರೀಮ್ ಮಾಡುವುದನ್ನು ನೋಡುತ್ತ ನಿಂತಿದ್ದ ಅದಕ್ಕೆ ಬೆಳಿಗ್ಗೆ ಹನ್ನೊಂದಕ್ಕೇ ಒಂದು ಬಟ್ಟಲು ವೆನಿಲಾ ಸಿಕ್ಕಿತ್ತು. ನಾಲ್ಕು ಗಂಟೆಯ ಅಂತರ. ಕೆಡಿಸುವಂತೆ ಕಂಡ ಮಗುವೇ ಲೆಕ್ಕವನ್ನು ಗಟ್ಟಿ ಮಾಡಿತು.

ಆ 75 ಮಂದಿಯ ಪಟ್ಟಿ ಜಗತ್ತಿನ ಎಷ್ಟೋ ಕಡೆ ಇಂದಿಗೂ ಪಾಠದ ಸಾಮಗ್ರಿ. ಅದರಲ್ಲಿ ಒಂದು ಸಾಲು ವಿಚಿತ್ರವಾಗಿದೆ. ಚಾಕೊಲೇಟ್ ಐಸ್‌ಕ್ರೀಮ್ ತಿಂದ 47 ಮಂದಿಯಲ್ಲಿ 25 ರೋಗಿಗಳು, ತಿನ್ನದ 27ರಲ್ಲಿ 20. ನೂರಕ್ಕೆ 53 ಮತ್ತು 74. ಚಾಕೊಲೇಟ್ ಔಷಧಿಯೋ ಎಂಬಂತೆ ಕಾಣುತ್ತದೆ. ಮಠ್ಠಾವನ್ನು ಒಡೆದು ನೋಡಿದ ರೀತಿಯಲ್ಲೇ ಇದನ್ನೂ ವೆನಿಲಾ ತಿಂದವರು, ತಿನ್ನದವರು ಎಂದು ಎರಡು ಕೋಷ್ಟಕ ಮಾಡಿ ನೋಡಬೇಕು. ಒಬ್ಬರ ಉತ್ತರ ದಾಖಲಾಗಿಲ್ಲ, 74 ಮಂದಿಯೇ ಸಿಗುತ್ತಾರೆ. ಆ ಒಬ್ಬರನ್ನು ಏನು ಮಾಡುವುದೆಂದು ಮೊದಲೇ ನಿರ್ಧರಿಸಿಕೊಳ್ಳಿ. ಮೊದಲ ಗೋಷ್ಠಿಯಲ್ಲಿ ಪೂರ್ತಿ ಪಟ್ಟಿ ನಿಮ್ಮ ಕೈಗೆ ಬರುತ್ತದೆ. ತಾಲ್ಲೂಕಿಗೊಂದು ಗುಂಪಾಗಿ ಕೂತು, ಊಟದ ಬಿಡುವಿನೊಳಗೆ ನಾಲ್ಕು ಗುಂಪುಗಳೂ ಕೋಷ್ಟಕ ಮುಗಿಸಿ ಕೊಡಬೇಕು.