ಐದು ಗೆರೆಗಳ ಮೋಡ: ಇಚಿಮೊಕು ನಕ್ಷೆಯ ಹುಟ್ಟು ಮತ್ತು ಓದು

ಷೇರುಪೇಟೆಯ ಏರಿಳಿತಗಳನ್ನು ನಕ್ಷೆಯ ಮೇಲೆ ಓದುವವರು ಇಂದು ‘ಇಚಿಮೊಕು ಮೋಡ’ ಎಂದು ಕರೆಯುವ ಪದ್ಧತಿಯನ್ನು ರೂಪಿಸಿದವನು ಗಣಿತಜ್ಞನೂ ಅಲ್ಲ, ದಲ್ಲಾಳಿಯೂ ಅಲ್ಲ. ಟೋಕಿಯೊ ನಗರದ ‘ಮಿಯಾಕೊ ಶಿಂಬುನ್’ ಪತ್ರಿಕೆಯಲ್ಲಿ ದುಡಿಯುತ್ತಿದ್ದ ಗೋಯಿಚಿ ಹೊಸೊಡ ಎಂಬ ಪತ್ರಕರ್ತ. ‘ಇಚಿಮೊಕು ಸಂಜಿನ್’ ಎಂಬುದು ಆತನ ಕಾವ್ಯನಾಮವಾಗಿತ್ತು. ಎರಡನೆಯ ಮಹಾಯುದ್ಧಕ್ಕೆ ಮೊದಲೇ ಆತ ಈ ಕೆಲಸಕ್ಕೆ ಕೈಹಾಕಿದ್ದರೂ ಪದ್ಧತಿಯ ಪೂರ್ಣ ರೂಪ ಪುಸ್ತಕವಾಗಿ ಹೊರಬಂದದ್ದು 1969ರಲ್ಲಿ. ಗಣಕಯಂತ್ರಗಳಿಲ್ಲದ ಆ ದಿನಗಳಲ್ಲಿ ಬೇರೆಬೇರೆ ಅವಧಿಗಳನ್ನು ಹಳೆಯ ಬೆಲೆಗಳ ಮೇಲೆ ಪರೀಕ್ಷಿಸಿ ನೋಡಲು ಆತ ದೊಡ್ಡ ಸಂಖ್ಯೆಯ ಸಹಾಯಕರನ್ನು ಕೂರಿಸಿ ವರ್ಷಗಟ್ಟಲೆ ಕೈಲೆಕ್ಕ ಮಾಡಿಸಿದನೆಂದು ಈ ವಿಷಯದ ಗ್ರಂಥಗಳು ಹೇಳುತ್ತವೆ. ಪದ್ಧತಿಯ ಪೂರ್ಣ ಹೆಸರು ‘ಇಚಿಮೊಕು ಕಿಂಕೊ ಹ್ಯೊ’, ಅಂದರೆ ಸಮತೋಲವನ್ನು ಒಂದೇ ನೋಟಕ್ಕೆ ತೋರಿಸುವ ಪಟ.

ಈ ಹೆಸರಿನಲ್ಲಿರುವ ಸಮತೋಲದ ಕಲ್ಪನೆಯನ್ನು ಬಿಟ್ಟು ಮೋಡವನ್ನಷ್ಟೇ ಹಿಡಿದುಕೊಂಡವರಿಗೆ ಪದ್ಧತಿಯ ಅರ್ಧ ಭಾಗ ಕೈಗೆ ಸಿಕ್ಕುವುದಿಲ್ಲ. ಹೊಸೊಡ ಎಳೆದ ಐದು ಗೆರೆಗಳಲ್ಲಿ ನಾಲ್ಕು ಸರಾಸರಿಗಳಲ್ಲ, ಮಧ್ಯಬಿಂದುಗಳು. ಪಾಶ್ಚಾತ್ಯರ ಚಲಿಸುವ ಸರಾಸರಿಯು ಪ್ರತಿದಿನದ ಮುಕ್ತಾಯದ ಬೆಲೆಯನ್ನೂ ಕೂಡಿ ಭಾಗಿಸುವುದರಿಂದ ದಿನವೂ ಸ್ವಲ್ಪವಾದರೂ ಅಲುಗುತ್ತದೆ. ಹೊಸೊಡನ ಗೆರೆಯಾದರೋ ಒಂದು ಅವಧಿಯ ಅತ್ಯುಚ್ಚ ಬೆಲೆ ಮತ್ತು ಅತ್ಯಂತ ಕೆಳಗಿನ ಬೆಲೆ, ಇವೆರಡನ್ನೇ ತೆಗೆದುಕೊಂಡು ಅವುಗಳ ನಡುವೆ ನಿಲ್ಲುವುದರಿಂದ, ಹೊಸ ಎತ್ತರವೋ ಹೊಸ ತಳವೋ ಕಾಣಿಸಿಕೊಳ್ಳುವ ತನಕ ಅಥವಾ ಹಳೆಯದೊಂದು ಅವಧಿಯಿಂದ ಹೊರಬೀಳುವ ತನಕ ಮಟ್ಟಸವಾಗಿ ಮಲಗಿರುತ್ತದೆ. ಕೊಳ್ಳುವವರೂ ಮಾರುವವರೂ ಆ ಅವಧಿಯಲ್ಲಿ ಎಳೆದಾಡಿದ ವ್ಯಾಪ್ತಿಯ ನಟ್ಟನಡುವೆಯೇ ಸಮತೋಲದ ಬೆಲೆ ಎಂಬುದು ಇಲ್ಲಿನ ತರ್ಕ. ಹೀಗಾಗಿ ಈ ನಕ್ಷೆಯಲ್ಲಿ ಗೆರೆಯು ಮಲಗಿರುವುದಕ್ಕೂ ಏರುತ್ತಿರುವುದಕ್ಕೂ ಬೇರೆಬೇರೆ ಅರ್ಥವಿದೆ, ಮತ್ತು ಬೆಂಬಲವನ್ನು ಓದುವ ಕಲೆಯೆಲ್ಲ ಈ ವ್ಯತ್ಯಾಸದ ಮೇಲೆಯೇ ನಿಂತಿದೆ.

ಒಂಬತ್ತು ದಿನಗಳ ಮಧ್ಯಬಿಂದುವಿಗೆ ‘ತೆಂಕನ್’ ಎಂದೂ, 26 ದಿನಗಳ ಮಧ್ಯಬಿಂದುವಿಗೆ ‘ಕಿಜುನ್’ ಎಂದೂ ಹೆಸರು; ಮೊದಲನೆಯದು ತಿರುವಿನ ಗೆರೆ, ಎರಡನೆಯದು ಆಧಾರದ ಗೆರೆ. ಇವೆರಡರ ಮಧ್ಯಬಿಂದುವನ್ನು 26 ದಿನ ಮುಂದಕ್ಕೆ ತಳ್ಳಿ ಎಳೆದರೆ ಮೋಡದ ಒಂದು ಅಂಚು, 52 ದಿನಗಳ ಮಧ್ಯಬಿಂದುವನ್ನು ಅಷ್ಟೇ ಮುಂದಕ್ಕೆ ತಳ್ಳಿ ಎಳೆದರೆ ಇನ್ನೊಂದು ಅಂಚು ಸಿಗುತ್ತದೆ. ಮೊದಲನೆಯದನ್ನು ‘ಸೆಂಕೊ ಎ’, ಎರಡನೆಯದನ್ನು ‘ಸೆಂಕೊ ಬಿ’ ಎನ್ನುತ್ತಾರೆ. ಐದನೆಯದಾದ ‘ಚಿಕೊ’ ಮಾತ್ರ ಮಧ್ಯಬಿಂದುವಲ್ಲ, ಇಂದಿನ ಮುಕ್ತಾಯದ ಬೆಲೆಯನ್ನೇ 26 ದಿನ ಹಿಂದಕ್ಕೆ ಒಯ್ದು ಇಟ್ಟ ಗೆರೆ. ಹೊಸೊಡನ ಎಣಿಕೆಯಲ್ಲಿ ಇಂದಿನ ದಿನವೂ ಸೇರುವುದರಿಂದ ಮುಂದೂಡಿಕೆ ವಾಸ್ತವವಾಗಿ 25 ಕ್ಯಾಂಡಲ್‌ಗಳಷ್ಟೇ ಆಗುತ್ತದೆ; ಇಂದಿನ ತಂತ್ರಾಂಶಗಳಲ್ಲಿ ಕೆಲವು ಹೀಗೆಯೂ ಕೆಲವು ಪೂರಾ 26 ಕ್ಯಾಂಡಲ್ ಮುಂದಕ್ಕೂ ಎಳೆಯುವುದರಿಂದ ಎರಡು ಪರದೆಗಳ ಮೋಡ ಒಂದು ದಿನದಷ್ಟು ಹೆಚ್ಚುಕಡಿಮೆ ಕಂಡರೆ ಗಾಬರಿಯಾಗಬೇಕಿಲ್ಲ.

ಒಂದೇ ನಕ್ಷೆಯಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಲು ಈ ಐದು ಗೆರೆಗಳು ಸಾಕೆಂಬುದು ಪದ್ಧತಿಯ ಹೆಗ್ಗಳಿಕೆ. ಬೆಲೆ ಮೋಡದ ಮೇಲಿದ್ದರೆ ಟ್ರೆಂಡ್ ಏರಿಕೆಯದು, ಕೆಳಗಿದ್ದರೆ ಇಳಿಕೆಯದು, ಒಳಗಿದ್ದರೆ ಯಾವುದೂ ತೀರ್ಮಾನವಾಗಿಲ್ಲ. ಬೆಂಬಲವನ್ನು ಹುಡುಕುವವರು ಕಿಜುನ್ ಗೆರೆಯನ್ನೂ ಸೆಂಕೊ ಬಿ ಅಂಚನ್ನೂ ನೋಡುತ್ತಾರೆ, ಅದರಲ್ಲಿಯೂ ಅವು ಮಟ್ಟಸವಾಗಿ ಮಲಗಿರುವ ಭಾಗಗಳನ್ನು. ಏಕೆಂದರೆ ಗೆರೆ ಮಲಗಿರುವಷ್ಟು ಕಾಲ ಒಂದೇ ಬೆಲೆ ಆ ವ್ಯಾಪ್ತಿಯ ನಡುವಾಗಿ ಉಳಿದಿರುತ್ತದೆ, ದೂರ ಹೋದ ಬೆಲೆ ಅಲ್ಲಿಗೆ ಮರಳುವುದು ಮತ್ತೆಮತ್ತೆ ಕಾಣುತ್ತದೆ. ರಭಸದ ವಿಷಯದಲ್ಲಿ ಚಿಕೊ ಗೆರೆಯ ಮಾತು ನೇರವಾದದ್ದು: ಇಂದಿನ ಬೆಲೆ 26 ದಿನಗಳ ಹಿಂದಿನ ಬೆಲೆಗಿಂತ ಮೇಲಿದೆಯೇ ಕೆಳಗಿದೆಯೇ ಎಂದಷ್ಟೇ ಅದು ಕೇಳುತ್ತದೆ, ಪಾಶ್ಚಾತ್ಯ ನಕ್ಷೆಗಳಲ್ಲಿ ಪ್ರತ್ಯೇಕ ಪಟ್ಟಿಯಲ್ಲಿ ಎಳೆಯುವ ಮೊಮೆಂಟಮ್ ಸೂಚಕವೂ ಕೇಳುವುದು ಇದನ್ನೇ. ತೆಂಕನ್ ಗೆರೆಯು ಕಿಜುನ್ ಗೆರೆಯನ್ನು ದಾಟಿ ಮೇಲೇರಿ, ಚಿಕೊ ಹಳೆಯ ಬೆಲೆಗಳ ಮೇಲೆ ನಿಂತು, ಬೆಲೆಯು ಮೋಡದಿಂದ ಹೊರಗೆ ಮೇಲಕ್ಕೆ ಬಂದಾಗ ಜಪಾನಿಯರು ಅದನ್ನು ‘ಸನ್ಯಾಕು ಕೋತೆನ್’, ಅಂದರೆ ಮೂರು ಅಂಗಗಳೂ ಅನುಕೂಲಕ್ಕೆ ತಿರುಗಿದ ಸ್ಥಿತಿ ಎನ್ನುತ್ತಾರೆ.

ಈ ಪದ್ಧತಿ ಜಪಾನಿನ ಹೊರಗೆ ಹರಡಲು ಬಹಳ ಕಾಲ ಹಿಡಿಯಿತು. ಹಿದೆನೊಬು ಸಸಾಕಿಯ ಅಧ್ಯಯನ ಗ್ರಂಥವು 1996ರಲ್ಲಿ ಜಪಾನಿ ಭಾಷೆಯಲ್ಲಿಯೇ ಬಂದಿತು. ನಿಕೋಲ್ ಎಲಿಯಟ್ 2007ರಲ್ಲಿ ಬರೆದ ಇಂಗ್ಲಿಷ್ ಪುಸ್ತಕದ ಹೊತ್ತಿಗೆ ತಂತ್ರಾಂಶಗಳು ಐದು ಗೆರೆಗಳನ್ನು ಒಂದೇ ಗುಂಡಿಯೊತ್ತಿಗೆ ಎಳೆದುಕೊಡತೊಡಗಿದ್ದವು. ಆದರೆ ಈ ಪ್ರಯಾಣದಲ್ಲಿ ಗೆರೆಗಳು ಮಾತ್ರ ಬಂದವು, ಹೊಸೊಡ ಅವುಗಳ ಜೊತೆಗಿಟ್ಟಿದ್ದ ಕಾಲದ ಸಿದ್ಧಾಂತ, ಅಲೆಗಳ ಸಿದ್ಧಾಂತ ಮತ್ತು ಬೆಲೆಯ ಗುರಿಗಳ ಸಿದ್ಧಾಂತ ಬಹುಮಟ್ಟಿಗೆ ಅಲ್ಲೇ ಉಳಿದವು. ಆತನಿಗೆ 9, 17, 26 ಎಂಬ ಸಂಖ್ಯೆಗಳು ಬೆಲೆಯ ತಿರುವುಗಳ ನಡುವಿನ ಕಾಲವನ್ನು ಅಳೆಯುವ ಮೂಲ ಮಾನಗಳಾಗಿದ್ದವು. ಹೊರಗಿನವರ ಕೈಯಲ್ಲಿ ಅವು ತಂತ್ರಾಂಶದ ಸೆಟ್ಟಿಂಗ್‌ಗಳಾಗಿ ಇಳಿದವು. ಅಂದಿನ ಜಪಾನಿನಲ್ಲಿ ಶನಿವಾರವೂ ವಹಿವಾಟು ನಡೆಯುತ್ತಿದ್ದುದರಿಂದ 26 ದಿನ ಒಂದು ತಿಂಗಳಿಗೆ ಹೊಂದುತ್ತಿತ್ತು, 1989ರಲ್ಲಿ ಟೋಕಿಯೊ ವಿನಿಮಯ ಕೇಂದ್ರದ ಶನಿವಾರದ ವಹಿವಾಟು ಪೂರ್ತಿ ನಿಂತ ಮೇಲೆ ಸಂಖ್ಯೆಗಳನ್ನೂ ಬದಲಿಸಬೇಕು ಎಂದು ವಾದಿಸುವವರಿದ್ದಾರೆ. ವಾದದಲ್ಲಿ ಹುರುಳಿಲ್ಲದಿಲ್ಲ, ಆದರೆ ಮೂಲ ಸಂಖ್ಯೆಗಳನ್ನು ಬಹುಮಂದಿ ನೋಡುತ್ತಿರುವುದೇ ಅವುಗಳಿಗೆ ಸ್ವಲ್ಪ ಬಲ ಕೊಡುತ್ತದೆಂಬ ಮಾತನ್ನೂ ತಳ್ಳಿಹಾಕುವಂತಿಲ್ಲ.

ಗೆರೆಗಳು ಹೇಗೆ ನಡೆದುಕೊಳ್ಳುತ್ತವೆಂಬುದನ್ನು ಭಾರತದ ನಿಫ್ಟಿ ಸೂಚ್ಯಂಕದ 2020ರ ದಿನದ ನಕ್ಷೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಆ ವರ್ಷದ ಜನವರಿ 20ರಂದು ಸೂಚ್ಯಂಕ 12,430ನ್ನು ಮುಟ್ಟಿತು, ಕೊರೋನಾ ಭೀತಿಯಲ್ಲಿ ಕುಸಿದು ಮಾರ್ಚ್ 24ರಂದು 7,511ಕ್ಕೆ ಇಳಿಯಿತು, ಅಲ್ಲಿಂದ ಬೇಗನೆ ಪುಟಿದು ಏಪ್ರಿಲ್ 30ರಂದು 9,860ರಲ್ಲಿ ಮುಕ್ತಾಯವಾಯಿತು. ಆ ದಿನ ನಕ್ಷೆಯನ್ನು ತೆರೆದವರಿಗೆ ಕಿಜುನ್ ಗೆರೆ ಸುಮಾರು 8,700ರಲ್ಲಿಯೂ ತೆಂಕನ್ ಗೆರೆ ಅದಕ್ಕಿಂತ ಬಹಳ ಮೇಲೆ 9,400ರ ಆಸುಪಾಸಿನಲ್ಲಿಯೂ ಕಾಣುತ್ತಿತ್ತು. ಚಿಕೊ ಗೆರೆ ಮಾರ್ಚ್ ಕುಸಿತದ ಬೆಲೆಗಳಿಂದ ಎಷ್ಟೋ ಎತ್ತರದಲ್ಲಿ ನಿಂತಿತ್ತು. ಮೂರು ಅಂಗಗಳಲ್ಲಿ ಎರಡು ತಿರುಗಿದ್ದವು. ಮೂರನೆಯದು ತಿರುಗಿರಲಿಲ್ಲ: ಮೋಡದ ಕೆಳ ಅಂಚು 9,700ರ ಮೇಲೂ ಮೇಲಂಚು 10,130ರ ಬಳಿಯೂ ಇದ್ದುದರಿಂದ ಬೆಲೆ ಮೋಡದೊಳಗೆ ತಲೆ ಹಾಕಿತ್ತೇ ಹೊರತು ಅದನ್ನು ದಾಟಿರಲಿಲ್ಲ. ಮುಂದಿನ ವಹಿವಾಟಿನ ದಿನವಾದ ಮೇ 4ರಂದು ಸೂಚ್ಯಂಕ ಒಂದೇ ದಿನದಲ್ಲಿ ಶೇಕಡಾ 5ಕ್ಕೂ ಹೆಚ್ಚು ಬಿದ್ದು 9,293ಕ್ಕೆ ಇಳಿಯಿತು. ಈ ಕುಸಿತವನ್ನು ಮೋಡ ಮುನ್ನವೇ ತಿಳಿಸಿತ್ತೆಂದು ಹೇಳುವುದು ಅತಿಯಾಗುತ್ತದೆ. ಜನವರಿಯ ಎತ್ತರ ಮತ್ತು ಮಾರ್ಚಿನ ತಳಗಳ ಅರ್ಧದಾರಿಯ ಸಮೀಪದಲ್ಲಿ ಮಾರುವವರು ಕಾದಿರುವ ಸಾಧ್ಯತೆಯಿದೆ ಎಂಬುದನ್ನು ಅದು ಗೆರೆಯಾಗಿ ತೋರಿಸಿತ್ತು, ಅಷ್ಟೇ.

ಮೂರನೆಯ ಅಂಗ ತಿರುಗಿದ್ದು ತಿಂಗಳಾದ ಮೇಲೆ. ಆ ವೇಳೆಗೆ ಜನವರಿ 20ರ ಎತ್ತರ 52 ದಿನಗಳ ಅವಧಿಯಿಂದ ಹೊರಬಿದ್ದು ಫೆಬ್ರುವರಿಯ ನಡುವಿನ ಎತ್ತರ ಅದರ ಸ್ಥಾನಕ್ಕೆ ಬಂದಿದ್ದುದರಿಂದ ಮೋಡದ ಮೇಲಂಚು 9,880ರ ಬಳಿ ಮಟ್ಟಸವಾಗಿ ಮಲಗಿತ್ತು. ಜೂನ್ 2ರಂದು ಸೂಚ್ಯಂಕ 9,979ರಲ್ಲಿ ಮುಕ್ತಾಯವಾದಾಗ ಮೂರು ಅಂಗಗಳೂ ಕೂಡಿ ಬಂದವು. ಅಷ್ಟರಲ್ಲಿ ತಳದಿಂದ ಸುಮಾರು 2,470 ಅಂಶಗಳ ಏರಿಕೆ ಮುಗಿದುಹೋಗಿತ್ತು. ಮೂರೂ ಕೂಡಲಿ ಎಂದು ಕಾಯುವವರು ತೆರುವ ಬೆಲೆ ಇದು. ಎರಡೇ ಸಾಕೆಂದು ಏಪ್ರಿಲ್ 30ರಂದು ಕೊಂಡವರು ತೆತ್ತದ್ದು ಬೇರೆಯ ಬೆಲೆ. ಯಾವುದು ಸಹ್ಯವೆಂಬುದನ್ನು ವ್ಯಾಪಾರಿಯ ಬಂಡವಾಳವೂ ಅವಧಿಯೂ ನಿರ್ಧರಿಸಬೇಕು, ನಕ್ಷೆ ನಿರ್ಧರಿಸುವುದಿಲ್ಲ.

ಐದು ಗೆರೆಗಳು ಐದು ಸ್ವತಂತ್ರ ಸಾಕ್ಷಿಗಳೆಂದು ಭಾವಿಸುವುದು ಮಧ್ಯಮ ಹಂತದ ವ್ಯಾಪಾರಿಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು. ಸೆಂಕೊ ಎ ಎಂಬುದು ತೆಂಕನ್ ಮತ್ತು ಕಿಜುನ್‌ಗಳಿಂದಲೇ ಹುಟ್ಟಿದ್ದು, ಎಲ್ಲ ಗೆರೆಗಳೂ ಒಂದೇ ಬೆಲೆಯ ಸರಣಿಯಿಂದ ಬಂದವು, ವಹಿವಾಟಿನ ಪ್ರಮಾಣದ ಸುಳಿವು ಯಾವುದರಲ್ಲಿಯೂ ಇಲ್ಲ. ಆದ್ದರಿಂದ ಎಲ್ಲವೂ ಒಂದೇ ಮಾತು ಹೇಳಿದಾಗ ಅದು ಐದು ಪಟ್ಟು ಪ್ರಬಲವಾದ ಮಾತಾಗುವುದಿಲ್ಲ. ಬೆಲೆ ಒಂದೇ ವ್ಯಾಪ್ತಿಯಲ್ಲಿ ತಿಂಗಳುಗಟ್ಟಲೆ ತೊಯ್ದಾಡುವ ಕಾಲದಲ್ಲಿ ಎರಡೂ ಅಂಚುಗಳು ಹತ್ತಿರ ಬಂದು ಮೋಡ ತೆಳುವಾಗುತ್ತದೆ, ತೆಂಕನ್ ಮತ್ತು ಕಿಜುನ್‌ಗಳು ಮತ್ತೆಮತ್ತೆ ಒಂದನ್ನೊಂದು ದಾಟುತ್ತವೆ, ಪ್ರತಿ ದಾಟಿಗೂ ಕೊಂಡು ಮಾರುವವರು ಸಣ್ಣಸಣ್ಣ ನಷ್ಟಗಳಲ್ಲಿ ಸೋರಿಹೋಗುತ್ತಾರೆ. ಕಿಜುನ್ ಮಲಗಿರುವಾಗ ಆಗುವ ದಾಟು ಬಹುತೇಕ ಇಂಥದ್ದೇ ಎಂಬುದನ್ನು ಗುರುತಿಟ್ಟುಕೊಂಡರೆ ಅರ್ಧ ಗದ್ದಲ ಕಡಿಮೆಯಾಗುತ್ತದೆ.

ಮೋಡದ ಅಂಚನ್ನು ಬೆಂಬಲವೆಂದು ನಂಬಿ ಅಲ್ಲಿಯೇ ಸ್ಟಾಪ್‌ಲಾಸ್ ಇಡುವವರಿಗೂ ಅದೇ ಜೂನ್ ತಿಂಗಳ ನಿಫ್ಟಿ ಒಂದು ಸಂಗತಿಯನ್ನು ತೋರಿಸಿತು. 12ರಂದು ಸೂಚ್ಯಂಕ ದಿನದ ನಡುವೆ 9,880ರ ಅಂಚನ್ನು ಒಡೆದು 9,550ರ ಕೆಳಗೂ ಇಳಿದು, ಮುಕ್ತಾಯದ ಹೊತ್ತಿಗೆ ಮತ್ತೆ 9,970ಕ್ಕೆ ಏರಿ ಅಂಚಿನ ಮೇಲೆಯೇ ನಿಂತಿತು. ಅಂಚಿನ ಕೆಳಗೆ ಒತ್ತಿಗೇ ಸ್ಟಾಪ್‌ಲಾಸ್ ಇಟ್ಟಿದ್ದವರು ಹೊರಬಿದ್ದರು, ಮುಕ್ತಾಯದ ಬೆಲೆಗಾಗಿ ಕಾದವರು ಉಳಿದರು. ಅಲ್ಲಿಂದ ಕೆಲವೇ ದಿನಗಳಲ್ಲಿ ಆ ಅಂಚೂ ಕೆಳಮುಖವಾಗತೊಡಗಿತು, ಅದಕ್ಕೆ ಕಾರಣ ಜೂನ್ ತಿಂಗಳ ಯಾವ ವ್ಯಾಪಾರವೂ ಅಲ್ಲ. ಫೆಬ್ರುವರಿಯ ಎತ್ತರವು ಮೇ ತಿಂಗಳ ಆರಂಭದಲ್ಲಿ 52 ದಿನಗಳ ಲೆಕ್ಕದಿಂದ ಜಾರಿಹೋದದ್ದು 26 ದಿನ ತಡವಾಗಿ ನಕ್ಷೆಯ ಮೇಲೆ ಕಾಣಿಸಿಕೊಂಡಿತ್ತು.