ಮನೆಯಿಂದಲೇ ನೌಕರಿ: ಅಸಲಿ ಯಾವುದು, ಇಂಟರ್‌ವ್ಯೂ ಎಷ್ಟು ಗಂಟೆಗೆ?



ನೌಕರಿ ಎಂದರೆ ಹೈದರಾಬಾದ್, ಪುಣೆ, ಇಲ್ಲವೇ ಸೌದಿ ಎಂಬುದು ನಮ್ಮ ಮನೆಗಳಲ್ಲಿ ಬಹಳ ಕಾಲದಿಂದ ನಡೆದುಬಂದ ಲೆಕ್ಕ. ಈಗ ಔರಾದ್‌ನಲ್ಲಿ ಕುಳಿತೇ ಅಮೆರಿಕದ ಕಂಪನಿಯ ಲೆಕ್ಕಪತ್ರ ನೋಡಬಹುದು, ಅನುವಾದ ಮಾಡಬಹುದು, ಪ್ರೋಗ್ರಾಂ ಬರೆಯಬಹುದು. ಇದನ್ನು ರಿಮೋಟ್ ಕೆಲಸ ಎನ್ನುತ್ತಾರೆ. ಆದರೆ ಈ ಹೆಸರಿನಲ್ಲಿ ಮೊಬೈಲಿಗೆ ಬರುವ ಸಂದೇಶಗಳಲ್ಲಿ ಮೋಸದವೂ ಬೇಕಾದಷ್ಟು ಇವೆ. ಆದ್ದರಿಂದ ಮೊದಲು ಅಸಲಿಯನ್ನು ಗುರುತಿಸುವುದು ಹೇಗೆ ಎಂದು ನೋಡೋಣ, ನಂತರ ಇಂಟರ್‌ವ್ಯೂ ಸಮಯದ ವಿಷಯಕ್ಕೆ ಬರೋಣ.

ನಕಲಿ ಕೆಲಸಗಳಲ್ಲಿ ಓದಿದ ಮಕ್ಕಳನ್ನೂ ಬೀಳಿಸುವುದು ಡೇಟಾ ಎಂಟ್ರಿಯ ಬಲೆ. ಇದರಲ್ಲಿ ಮೊದಲಿಗೆ ಹಣ ಕೇಳುವುದೇ ಇಲ್ಲ, ಅದಕ್ಕೇ ನಂಬಿಕೆ ಹುಟ್ಟುತ್ತದೆ. ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ಆಧಾರ್ ಪ್ರತಿ ಪಡೆಯುತ್ತಾರೆ, ಇಷ್ಟು ದಿನದಲ್ಲಿ ಇಷ್ಟು ಪುಟ ಟೈಪ್ ಮಾಡಿ ಎಂದು ಕೊಡುತ್ತಾರೆ. ಮಗು ಹಗಲು ರಾತ್ರಿ ಕುಳಿತು ಮುಗಿಸುತ್ತದೆ. ಆಮೇಲೆ, ನಿನ್ನ ಕೆಲಸದಲ್ಲಿ ತಪ್ಪು ಹೆಚ್ಚಿದೆ, ಒಪ್ಪಂದ ಮುರಿದಿದ್ದೀಯ, ಇಷ್ಟು ಸಾವಿರ ಕಟ್ಟು, ಇಲ್ಲದಿದ್ದರೆ ಪೊಲೀಸರು ಮನೆಗೆ ಬರುತ್ತಾರೆ ಎಂದು ವಕೀಲರ ಹೆಸರಿನಲ್ಲಿ ವಾಟ್ಸ್‌ಆ್ಯಪ್ ನೋಟೀಸು ಬರುತ್ತದೆ. ಮರ್ಯಾದೆಗೆ ಅಂಜಿ ಹಣ ಕಟ್ಟಿದರೆ ಬೇಡಿಕೆ ಅಲ್ಲಿಗೆ ನಿಲ್ಲುವುದಿಲ್ಲ. ಕೆಲಸದ ಒಪ್ಪಂದದಲ್ಲಿ ಗುರಿ ಮುಟ್ಟದಿರುವುದು ಸಿವಿಲ್ ವ್ಯವಹಾರ, ಬಂಧಿಸುವ ಅಪರಾಧವಲ್ಲ. ಮನೆಯ ಹಿರಿಯರು ಇದನ್ನು ಮುಖ್ಯವಾಗಿ ತಿಳಿದಿರಬೇಕು, ಏಕೆಂದರೆ ಇಂಥ ಕಡೆ ಹೆಣ್ಣುಮಕ್ಕಳು ಹಣಕ್ಕಿಂತ ಅಪ್ಪನಿಗೆ ಹೆಚ್ಚು ಹೆದರುತ್ತಾರೆ. ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು 1930ಕ್ಕೆ ಫೋನ್ ಮಾಡಿ, ಇಲ್ಲವೇ cybercrime.gov.in ನಲ್ಲಿ ದೂರು ಕೊಡಿ. ಹಣ ಹೋಗಿದ್ದರೆ ಆ ಗಂಟೆಯಲ್ಲೇ ಫೋನ್ ಮಾಡಿ. ಅದು ಇನ್ನೊಂದು ಖಾತೆಯಿಂದ ಹೊರಗೆ ಹೋಗುವ ಮೊದಲು ತಡೆಯಲು ಸಾಧ್ಯವಾಗುವುದು ಹಾಗೆಯೇ.

ಹಾಗಾದರೆ ಅಸಲಿ ಎಂದು ತಿಳಿಯುವುದು ಹೇಗೆ? ಸಂದೇಶದಲ್ಲಿರುವ ಲಿಂಕ್ ಒತ್ತಬೇಡಿ. ಕಂಪನಿಯ ವೆಬ್‌ಸೈಟನ್ನು ನೀವೇ ಹುಡುಕಿ ತೆರೆದು, ಅದರ ಕೆಲಸಗಳ ಪುಟದಲ್ಲಿ ಆ ಹುದ್ದೆ ಇದೆಯೇ ನೋಡಿ. ಅನಂತರ ಬಂದ ಇಮೇಲ್‌ನಲ್ಲಿ @ ಗುರುತಿನ ಬಲಕ್ಕೆ ಇರುವುದನ್ನು ಅಕ್ಷರ ಅಕ್ಷರವಾಗಿ ಆ ವೆಬ್‌ಸೈಟ್ ಹೆಸರಿನೊಂದಿಗೆ ತಾಳೆ ಹಾಕಿ. ದೊಡ್ಡ ಕಂಪನಿಯ ಹೆಸರಿನ ಮುಂದೆ ಅಡ್ಡಗೆರೆ ಹಾಕಿ ಕೆರಿಯರ್ಸ್ ಎಂದು ಸೇರಿಸಿ ಹೊಸ ವಿಳಾಸ ಮಾಡಿಕೊಳ್ಳಲು ಯಾರಿಗೂ ಸಾಧ್ಯ. ಭಾರತದ ಕಂಪನಿಯಾದರೆ ಅದರ ನೋಂದಣಿಯನ್ನು mca.gov.in ನಲ್ಲಿ ನೋಡಬಹುದು. ಆದರೆ ಕಂಪನಿ ಇದೆ ಎಂದು ಅದು ಹೇಳುತ್ತದೆಯೇ ಹೊರತು, ನಿಮ್ಮೊಂದಿಗೆ ಮಾತಾಡುತ್ತಿರುವವನು ಆ ಕಂಪನಿಯವನು ಎಂದು ಹೇಳುವುದಿಲ್ಲ. ಅದಕ್ಕೆ ಇಮೇಲ್ ತಾಳೆಯೇ ಬೇಕು.

ಅಸಲಿ ಜಾಹೀರಾತಿನಲ್ಲೂ ಒಂದು ಮಾತು ಕಣ್ತಪ್ಪುತ್ತದೆ. ರಿಮೋಟ್ ಎಂದು ಬರೆದ ಪಕ್ಕದಲ್ಲಿ ದೇಶದ ಹೆಸರಿರುತ್ತದೆ. ಅಮೆರಿಕ ಎಂದಿದ್ದರೆ ಸಾಮಾನ್ಯವಾಗಿ ಅಲ್ಲಿ ವಾಸಿಸುವವರಿಗೆ ಮಾತ್ರ ಎಂದರ್ಥ. ತೆರಿಗೆ ಮತ್ತು ಕಾರ್ಮಿಕ ಕಾನೂನಿನ ಕಾರಣಕ್ಕೆ ಅವರು ಹಾಗೆ ಮಾಡುತ್ತಾರೆ. ಭಾರತ ಎಂದೋ ಎಲ್ಲಿಂದಾದರೂ ಎಂದೋ ಇದ್ದರೆ ಅರ್ಜಿ ಹಾಕಿ.

ಇನ್ನು ಇಂಟರ್‌ವ್ಯೂ. ಮುಖ ತೋರಿಸದೆ, ಟೆಲಿಗ್ರಾಂನಲ್ಲಿ ನಾಲ್ಕು ಸಾಲು ಬರೆಸಿಕೊಂಡು ಕೆಲಸ ಕೊಟ್ಟೆ ಎನ್ನುವವನಿಂದ ದೂರವಿರಿ. ನಿಜವಾದ ಕಂಪನಿ ದಿನ, ಗಂಟೆ ಗೊತ್ತುಮಾಡಿ ವಿಡಿಯೋದಲ್ಲಿ ಮಾತಾಡಿಸುತ್ತದೆ. ನಮ್ಮ ಮಕ್ಕಳು ಎಡವುವುದು ಆ ಗಂಟೆಯಲ್ಲಿಯೇ.

ಸೌದಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ, ದುಬೈ ಒಂದೂವರೆ ಗಂಟೆ ಹಿಂದೆ ಎಂಬುದು ಅಲ್ಲಿಗೆ ಫೋನ್ ಮಾಡುವ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಆ ದೇಶಗಳು ವರ್ಷವಿಡೀ ಗಡಿಯಾರ ಬದಲಿಸುವುದಿಲ್ಲ, ನಾವೂ ಬದಲಿಸುವುದಿಲ್ಲ. ಹಾಗಾಗಿ ವ್ಯತ್ಯಾಸ ಎಂದರೆ ಸ್ಥಿರವಾದದ್ದು ಎಂಬ ಅಭ್ಯಾಸ ನಮಗಾಗಿದೆ. ಅಮೆರಿಕದ ಬಹುಭಾಗದಲ್ಲಿ ಹಾಗಲ್ಲ. ಅಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಆದ್ದರಿಂದ ನ್ಯೂಯಾರ್ಕ್ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ.

ಭಾಲ್ಕಿಯ ಒಬ್ಬ ಬಿ.ಕಾಂ. ಹುಡುಗಿಗೆ ನ್ಯೂಯಾರ್ಕಿನ ಕಂಪನಿಯಿಂದ ಕರೆ ಬಂದಿದೆ ಎಂದಿಟ್ಟುಕೊಳ್ಳಿ. ಮೊದಲ ಸುತ್ತು 2026ರ ಅಕ್ಟೋಬರ್ 29, ಗುರುವಾರ, ಅಲ್ಲಿನ ಮಧ್ಯಾಹ್ನ 3 ಗಂಟೆಗೆ. ಒಂಬತ್ತೂವರೆ ಕೂಡಿಸಿದರೆ ನಮ್ಮಲ್ಲಿ ರಾತ್ರಿ 12.30, ತಾರೀಖು 30, ಶುಕ್ರವಾರ. ಇಲ್ಲಿ ಮೊದಲನೆಯ ಗುಂಡಿ. ಶುಕ್ರವಾರ ಎಂದು ಓದಿ ಶುಕ್ರವಾರ ರಾತ್ರಿ ಉಂಡು ಕುಳಿತರೆ ಒಂದು ದಿನ ತಡವಾಯಿತು. ಉರ್ದುವಿನಲ್ಲಿ ನಾವು ಗುರುವಾರಕ್ಕೆ ಜುಮೆರಾತ್ ಎನ್ನುತ್ತೇವೆ, ಅಂದರೆ ಜುಮಾದ ರಾತ್ರಿ. ಈ ಇಂಟರ್‌ವ್ಯೂ ಬರುವುದು ಆ ಜುಮೆರಾತ್‌ನಲ್ಲೇ. ಹೀಗೆ ನೆನಪಿಟ್ಟರೆ ದಿನ ತಪ್ಪುವುದಿಲ್ಲ.

ಎರಡನೇ ಸುತ್ತು ಮುಂದಿನ ಗುರುವಾರ, ನವೆಂಬರ್ 5, ಅದೇ 3 ಗಂಟೆಗೆ ಎಂದು ಬರೆದಿದ್ದಾರೆ. ಹೋದ ವಾರದಂತೆಯೇ 12.30 ಎಂದು ಹುಡುಗಿ ಕುಳಿತರೆ ಆಚೆ ಯಾರೂ ಇರುವುದಿಲ್ಲ. ನಡುವೆ ನವೆಂಬರ್ 1ರ ಭಾನುವಾರ ಅವರ ಗಡಿಯಾರ ಹಿಂದಕ್ಕೆ ಹೋಗಿದೆ; ಈಗ ನಮ್ಮ ಸಮಯ 1.30. ಇಲ್ಲಿ ಒಂದು ಗಂಟೆ ಕಾಯುವುದಷ್ಟೇ ನಷ್ಟ. ಮಾರ್ಚ್‌ನಲ್ಲಿ ಇದು ತಿರುಗುಮುರುಗಾಗುತ್ತದೆ. 1.30 ಎಂದು ಕುಳಿತವರಿಗೆ ಇಂಟರ್‌ವ್ಯೂ 12.30ಕ್ಕೇ ಮುಗಿದಿರುತ್ತದೆ. ಬ್ರಿಟನ್ ಕೂಡ ಗಡಿಯಾರ ಬದಲಿಸುತ್ತದೆ, ಆದರೆ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರಗಳಂದು. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಬೇಡಿ.

ಪತ್ರದಲ್ಲಿ EST ಎಂದಿದ್ದರೆ ಅದರ ಮೇಲೆ ಪೂರ್ತಿ ಭಾರ ಹಾಕಬೇಡಿ. ಅದು ಚಳಿಗಾಲದ ಸಮಯದ ಹೆಸರು, ಬೇಸಿಗೆಯದು EDT. ಆದರೆ ಬರೆಯುವವರು ವರ್ಷವಿಡೀ EST ಎಂದೇ ಬರೆದುಬಿಡುತ್ತಾರೆ. ನಮ್ಮ IST ಎಂಬುದನ್ನು ಐರ್ಲೆಂಡಿನವರೂ ಇಸ್ರೇಲಿನವರೂ ತಮ್ಮ ಸಮಯಕ್ಕೆ ಬಳಸುತ್ತಾರೆ. ಆದ್ದರಿಂದ ಉತ್ತರದಲ್ಲಿ ಊರಿನ ಹೆಸರು ಹಾಕಿ ಎರಡೂ ಸಮಯ ಬರೆಯಿರಿ: ನ್ಯೂಯಾರ್ಕ್ ಸಮಯ ಗುರುವಾರ ಅಕ್ಟೋಬರ್ 29, ಮಧ್ಯಾಹ್ನ 3; ಅಂದರೆ ಭಾರತದ ಸಮಯ ಶುಕ್ರವಾರ ಅಕ್ಟೋಬರ್ 30, ರಾತ್ರಿ 12.30, ಸರಿಯೇ? ತಪ್ಪಿದ್ದರೆ ಅವರೇ ತಿದ್ದುತ್ತಾರೆ.

ಮಧ್ಯರಾತ್ರಿಯ ಇಂಟರ್‌ವ್ಯೂ ಒಪ್ಪಲೇಬೇಕೆಂದೇನೂ ಇಲ್ಲ. ಒಂದೇ ಕೋಣೆಯ ಮನೆಯಲ್ಲಿ ಎಲ್ಲರೂ ಮಲಗಿರುವಾಗ ದನಿ ಎತ್ತಿ ಮಾತಾಡುವುದು ಕಷ್ಟ, ಆ ಹೊತ್ತಿಗೆ ಕರೆಂಟ್ ಹೋದರೆ ಹೊರಗೆ ಹೋಗಲೂ ಆಗದು. ಅವರ ಬೆಳಿಗ್ಗೆ 9ಕ್ಕೆ ಆಗಬಹುದೇ ಎಂದು ಕೇಳಿ. ನಮಗದು ಬೇಸಿಗೆಯಲ್ಲಿ ಸಂಜೆ 6.30, ಚಳಿಗಾಲದಲ್ಲಿ 7.30. ಹೀಗೆ ಕೇಳುವುದು ಅಲ್ಲಿ ಅವಿಧೇಯತೆ ಅಲ್ಲ. ಜೊತೆಗೆ ದಿನದ ಕೆಲಸ ಎಷ್ಟು ಗಂಟೆಯಿಂದ ಎಷ್ಟರವರೆಗೆ ಎಂದೂ ಅಂದೇ ಕೇಳಿ. ಇಂಟರ್‌ವ್ಯೂ ಒಂದು ರಾತ್ರಿಯದು, ಕೆಲಸ ಪ್ರತಿ ರಾತ್ರಿಯದಾಗಬಹುದು. ಆ ಮಾತನ್ನು ಮನೆಯವರೊಂದಿಗೆ ಮೊದಲೇ ಆಡಿಕೊಳ್ಳಬೇಕು.

ಅವರು ಕಳಿಸುವ ಕ್ಯಾಲೆಂಡರ್ ಆಹ್ವಾನ ನಿಮ್ಮ ಫೋನಿನಲ್ಲಿ ತಾನೇ ನಮ್ಮ ಸಮಯಕ್ಕೆ ಬದಲಾಗುತ್ತದೆ, ಫೋನಿನ ಸಮಯವಲಯ ಕೋಲ್ಕತ್ತಾ ಎಂದಿದ್ದರೆ ಮಾತ್ರ. ಸೌದಿಯಿಂದ ಅಣ್ಣ ತಂದುಕೊಟ್ಟ ಹಳೆಯ ಫೋನಾದರೆ ಅದು ರಿಯಾದ್‌ನಲ್ಲೇ ನಿಂತಿಲ್ಲವೇ ಎಂದು ಇಂದೇ ತೆಗೆದು ನೋಡಿ.