ಆಜ್ಞೆಯಲ್ಲಿ ಕೈತಪ್ಪಿದ ಒಂದು ಎಕರೆ



ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ಒಕ್ಕಲು ಮನೆಗಳಲ್ಲಿ ಭೂ ನ್ಯಾಯಮಂಡಳಿಯ ಹಳೆಯ ಆಜ್ಞೆಯ ಪ್ರತಿಯನ್ನು ನೀವು ಕಂಡಿರಬಹುದು. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಉಳುವವರು ನಮೂನೆ 7ರಲ್ಲಿ ಅರ್ಜಿ ಕೊಟ್ಟರು. ತಾಲ್ಲೂಕಿನ ಮಂಡಳಿ ವಿಚಾರಣೆ ಮಾಡಿ ಹಕ್ಕನ್ನು ತೀರ್ಮಾನಿಸಿತು. ಅಂಥ ಆಜ್ಞೆಯಲ್ಲಿಯೇ ತಪ್ಪು ನುಸುಳಿದ್ದರೆ ಏನು ಮಾಡಬೇಕು?

ಒಂದು ಉದಾಹರಣೆ ನೋಡೋಣ. ರೈತನೊಬ್ಬನಿಗೆ ಎರಡು ಸರ್ವೆ ನಂಬರುಗಳಲ್ಲಿ ಹಕ್ಕು ಸಿಕ್ಕಿದೆ. ಒಂದರಲ್ಲಿ 3 ಎಕರೆ 25 ಗುಂಟೆ, ಇನ್ನೊಂದರಲ್ಲಿ 2 ಎಕರೆ 30 ಗುಂಟೆ. ಆಜ್ಞೆಯ ಕೊನೆಯಲ್ಲಿ ಒಟ್ಟು 5 ಎಕರೆ 15 ಗುಂಟೆ ಎಂದು ಬರೆದಿದೆ. ಕೂಡಿಸಿ ನೋಡಿ: 25 ಮತ್ತು 30 ಸೇರಿ 55 ಗುಂಟೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ 15 ಗುಂಟೆ ಉಳಿಯಿತು, ಒಂದು ಎಕರೆ ದಶಕವಾಗಿ ಮುಂದಕ್ಕೆ ಹೋಗಬೇಕು. ಸರಿಯಾದ ಮೊತ್ತ 6 ಎಕರೆ 15 ಗುಂಟೆ. ದಶಕ ಮರೆತದ್ದಕ್ಕೆ ಒಂದು ಎಕರೆಯೇ ಹೋಯಿತು. ಈ ಮೊತ್ತವೇ ಉತಾರಕ್ಕೆ ಏರಿದರೆ ಸಾಲಕ್ಕೂ ಪಾಲಿಗೂ ಅದೇ ಲೆಕ್ಕ ನಿಲ್ಲುತ್ತದೆ.

ಇದು ಲೆಕ್ಕದ ತಪ್ಪು. ಅರ್ಜಿ, ನೋಟೀಸುಗಳಲ್ಲೆಲ್ಲ 112 ಎಂದಿದ್ದ ಸರ್ವೆ ನಂಬರು ಆಜ್ಞೆಯಲ್ಲಿ ಮಾತ್ರ 121 ಆಗಿದ್ದರೆ ಅದು ಬರವಣಿಗೆಯ ತಪ್ಪು. ಕರ್ನಾಟಕ ಭೂ ಸುಧಾರಣಾ ಕಾಯಿದೆಯ 48ಎ(6) ಪ್ರಕಾರ ಮಂಡಳಿಯು ಕಾರಣ ಬರೆದಿಟ್ಟು ಇಂಥವನ್ನು ತಿದ್ದಬಹುದು. ಏಕೆಂದರೆ ಇಲ್ಲಿ ತೀರ್ಮಾನ ಬದಲಾಗುವುದಿಲ್ಲ. ಮಂಡಳಿ ಹೇಳಬೇಕೆಂದದ್ದನ್ನೇ ಕಾಗದವೂ ಹೇಳುತ್ತದೆ.

ಈಗ ಅದೇ ರೈತ, "ಮೂರನೆಯ ನಂಬರಿಗೆ ಪುರಾವೆ ಇಲ್ಲವೆಂದು ತಳ್ಳಿಹಾಕಿದಿರಿ; ಗೇಣಿ ಪಾವತಿ ಈಗ ಸಿಕ್ಕಿದೆ, ಅದನ್ನೂ ಸೇರಿಸಿರಿ" ಎನ್ನುತ್ತಾನೆ. ಅವನ ಮಾತು ನಿಜವೇ ಇರಬಹುದು. ಆದರೆ ಅದನ್ನು ಸೇರಿಸಲು ಸಾಕ್ಷ್ಯವನ್ನು ಮತ್ತೆ ತೂಗಬೇಕು. ಅದು ತಿದ್ದುಪಡಿಯಲ್ಲ, ಪುನರವಲೋಕನ. ಕಾನೂನು ಕೊಡದಿದ್ದರೆ ಪುನರವಲೋಕನದ ಅಧಿಕಾರ ತಾನಾಗಿ ಬರುವುದಿಲ್ಲವೆಂದು ಪಟೇಲ್ ನರ್ಶಿ ಠಾಕರ್ಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1970ರಲ್ಲಿ ಹೇಳಿದೆ. ಹಾಗಿಲ್ಲದಿದ್ದರೆ ಅಧಿಕಾರಿ ಬದಲಾದಾಗಲೆಲ್ಲ ಸೋತವರು ಮತ್ತೆ ಅರ್ಜಿ ಹಿಡಿದು ಬರುತ್ತಿದ್ದರು. ಈ ರೈತ ಹೋಗಬೇಕಾದದ್ದು ರಿಟ್ ಅರ್ಜಿಯೊಂದಿಗೆ ಹೈಕೋರ್ಟಿಗೆ.

ಇವೆರಡರ ನಡುವೆ ಇನ್ನೊಂದು ಬಗೆಯಿದೆ. ಆಜ್ಞೆಯಲ್ಲಿ 3 ಎಕರೆ 25 ಗುಂಟೆ, ಅಳೆದರೆ ಹೊಲ 3 ಎಕರೆ 35 ಗುಂಟೆ. ಈ ತಪ್ಪು ಕಾಗದದಲ್ಲಿ ಕಾಣುವುದಿಲ್ಲ. ಸರಪಳಿ ಹಿಡಿದು ಅಳೆದಾಗಲೇ ತಿಳಿಯುತ್ತದೆ. ಆದ್ದರಿಂದಲೇ ಇದಕ್ಕೆ ಕಾಯಿದೆ ಬೇರೆ ಮಾತು ಸೇರಿಸಿದೆ: ಜಮೀನನ್ನು ಅಳತೆ ಮಾಡಿಸಿ, ಸಂಬಂಧಪಟ್ಟವರ ಅಹವಾಲು ಕೇಳಿ, ಆಮೇಲೆ ವಿಸ್ತೀರ್ಣ ತಿದ್ದಬೇಕು.

ನಿಮ್ಮ ಮನೆಯ ಆಜ್ಞೆಯಲ್ಲಿ ತಪ್ಪು ಕಂಡರೆ ಅದನ್ನು ನಮೂನೆ 7ರ ಪ್ರತಿಯೊಡನೆ ಇಟ್ಟು ಓದಿರಿ. ಆ ಕಾಗದಗಳಿಂದಲೇ ತಪ್ಪು ತೋರಿಸಬಹುದಾದರೆ ತಿದ್ದುಪಡಿಯ ಅರ್ಜಿ ಸಾಕು. ವಾದ ಹೂಡಿಯೇ ತೋರಿಸಬೇಕಾದರೆ ದಾರಿ ಬೇರೆ.